ಒಂಬತ್ತು ಗಂಟೆ ಅಂದರೆ ಯಾರ ಒಂಬತ್ತು ಗಂಟೆ?

ಪ್ರಶ್ನೆ: ನಾನು ಹವ್ಯಾಸಿ ಕತೆಗಾರ. ಅಮೆರಿಕದ ಪಶ್ಚಿಮ ತೀರದಲ್ಲಿರುವ ಯುವ ಎಂಜಿನಿಯರ್ ಒಬ್ಬ ಭಾರತದಲ್ಲಿರುವ ಅಮ್ಮನಿಗೆ ಫೋನ್ ಮಾಡಲು ಪ್ರತಿ ರಾತ್ರಿ 9ಕ್ಕೆ ರಿಮೈಂಡರ್ ಇಟ್ಟುಕೊಳ್ಳುತ್ತಾನೆ. ಮೊದಮೊದಲು ಕರ್ತವ್ಯದಂತೆ ಮಾತಾಡುವವನು ಬರಬರುತ್ತಾ ಮನಬಿಚ್ಚಿ ಮಾತಾಡುತ್ತಾನೆ. ಕೊನೆಗೆ ಅಮ್ಮ ತೀರಿಕೊಳ್ಳುತ್ತಾಳೆ, ರಿಮೈಂಡರ್ ಮಾತ್ರ ಹೊಡೆದುಕೊಳ್ಳುತ್ತದೆ. ಈ ಕತೆ ಎರಡು ಪತ್ರಿಕೆಗಳಿಂದ ವಾಪಸ್ ಬಂತು. ‘ಭಾವನೆ ಇದೆ, ಕತೆ ಇಲ್ಲ’ ಎಂದ ಗೆಳೆಯ. ಅಲಾರಾಂ ಹೊಡೆದು ಹುಟ್ಟಿಸುವ ಪ್ರೀತಿಯನ್ನು ಯಾರೂ ನಂಬುವುದಿಲ್ಲ ಎಂದಳು ಅಕ್ಕ. ದಿನವೂ ನಡೆಯುವ ಮಾತನ್ನು ಎರಡು ಸಾವಿರ ಪದಗಳಲ್ಲಿ ಹೇಗೆ ತರುವುದು? ಮಾತು ಬದಲಾಯಿತೆಂದು ಓದುಗರಿಗೆ ಗೊತ್ತಾಗುವುದು ಹೇಗೆ? ಹಸ್ತಪ್ರತಿ ಜತೆಗಿದೆ.

ಉತ್ತರ: ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಎರಡು ಸಲವೂ ಮೂರನೆಯ ಪುಟದಲ್ಲಿ ನನ್ನ ಪೆನ್ಸಿಲ್ ನಿಂತುಬಿಟ್ಟಿತು. ಅಲ್ಲಿ ಮಗ ರಾತ್ರಿ 9ಕ್ಕೆ ಫೋನ್ ಮಾಡಿದಾಗ ಅಮ್ಮ, ‘ನಿದ್ದೆ ಎಳೀತಿದೆ ಕಣೋ, ದೀಪ ಆರಿಸ್ಲಾ?’ ಅನ್ನುತ್ತಾಳೆ. ಇಬ್ಬರೂ ಗುಡ್ ನೈಟ್ ಹೇಳಿ ಮಲಗುತ್ತಾರೆ.

ಇದು ಆಗುವ ಮಾತಲ್ಲ. ಅಮೆರಿಕದ ಪಶ್ಚಿಮ ತೀರದಲ್ಲಿ ರಾತ್ರಿ 9 ಆದಾಗ ಭಾರತದಲ್ಲಿ ಮರುದಿನದ ಬೆಳಗ್ಗೆ. ಬೇಸಿಗೆಯಲ್ಲಾದರೆ 9:30, ಚಳಿಗಾಲದಲ್ಲಾದರೆ 10:30. ಮಗನ ಸೋಮವಾರ ಮುಗಿಯುತ್ತಿರುವಾಗ ಅಮ್ಮನ ಮಂಗಳವಾರ ಆಗಲೇ ಅರ್ಧ ದಾರಿ ಬಂದಿರುತ್ತದೆ. ಅವನು ಹಾಸಿಗೆಯ ಮೇಲೆ ಕಾಲು ಚಾಚಿಕೊಂಡು ಮಾತಾಡುತ್ತಾನೆ, ಅವಳು ಕೈಯಲ್ಲಿ ಕೆಲಸ ಇಟ್ಟುಕೊಂಡು ಮಾತಾಡುತ್ತಾಳೆ. ಅವನಿಗೆ ಮಾತು ಮುಗಿದರೆ ನಿದ್ದೆ, ಅವಳಿಗೆ ಮಾತು ಮುಗಿದರೆ ಉಳಿದ ದಿನವೆಲ್ಲ ಇದೆ.

ಇದನ್ನು ಬರೀ ತಪ್ಪು ಹುಡುಕಲೆಂದು ಹೇಳುತ್ತಿಲ್ಲ. ನಿಮ್ಮ ಕತೆ ಕಾಣೆಯಾಗಿರುವುದು ಇಲ್ಲೇ. ರಿಮೈಂಡರ್ ಒಂದು ಕಡೆ ಮಾತ್ರ ಹೊಡೆದುಕೊಳ್ಳುತ್ತದೆ. ಅವನಿಗೆ ಅದು ಒಂದು ಕ್ಷಣದ ಶಬ್ದ. ಆ ಕಡೆ ಶಬ್ದವೇ ಇಲ್ಲ, ಕಾಯುವಿಕೆ ಇದೆ. ಅವನು ಒಂಬತ್ತಕ್ಕೆ ನೆನಪಿಸಿಕೊಳ್ಳುತ್ತಾನೆ, ಅವಳು ಎಷ್ಟು ಹೊತ್ತಿನಿಂದ ನೆನಪಿನಲ್ಲಿದ್ದಾಳೋ ಅವನಿಗೆ ಗೊತ್ತಿಲ್ಲ. ಈ ವ್ಯತ್ಯಾಸ ಅವನಿಗೆ ತಿಳಿಯುವವರೆಗಿನ ದಾರಿಯೇ ನಿಮ್ಮ ಕತೆ. ಇಬ್ಬರಿಗೂ ಒಂದೇ ರಾತ್ರಿ ಕೊಟ್ಟಿದ್ದರಿಂದ ಆ ದಾರಿಯೇ ಮುಚ್ಚಿಹೋಗಿದೆ.

ಬೇಕಿದ್ದರೆ ದೇಶ ಬದಲಿಸಬಹುದು. ದುಬೈನಲ್ಲಿ 9 ಆದಾಗ ಭಾರತದಲ್ಲಿ 10:30. ಇಬ್ಬರಿಗೂ ರಾತ್ರಿ, ನಿಮ್ಮ ಮೂರನೆಯ ಪುಟ ಹಾಗೇ ಉಳಿಯುತ್ತದೆ. ಆದರೆ ಅಲ್ಲಿ ಗಡಿಯಾರಗಳು ವರ್ಷವಿಡೀ ಒಂದೇ ಅಂತರದಲ್ಲಿ ನಡೆಯುತ್ತವೆ, ಕತೆಗೆ ಅವು ಏನೂ ಕೊಡುವುದಿಲ್ಲ. ಜರ್ಮನಿಯಲ್ಲಿ 9 ಅಂದರೆ ಇಲ್ಲಿ ನಡುರಾತ್ರಿ ದಾಟಿರುತ್ತದೆ, ಹಾಗಾಗಿ ಅವನು ಸಂಜೆಯೇ ಫೋನ್ ಮಾಡಬೇಕಾಗುತ್ತದೆ, ರಿಮೈಂಡರಿನ ರಾತ್ರಿಯೇ ಹೋಗುತ್ತದೆ. ನನ್ನ ಮಾತು ಕೇಳುವುದಾದರೆ ಅಮೆರಿಕದಲ್ಲೇ ಇರಲಿ. ಯಾಕೆಂದು ಮುಂದೆ ಹೇಳುತ್ತೇನೆ.

ಈಗ ನಿಮ್ಮ ಅಕ್ಕನ ಮಾತಿಗೆ ಬರುತ್ತೇನೆ. ಅಲಾರಾಂ ಇಟ್ಟುಕೊಂಡು ಮಾಡುವ ಫೋನಿನಲ್ಲಿ ಪ್ರೀತಿ ಇರುವುದಿಲ್ಲ ಎನ್ನುವುದು ಬಹಳ ಜನರ ನಂಬಿಕೆ. ಜ್ವರ ಬಂದ ಮಗುವಿಗೆ ಆರು ಗಂಟೆಗೊಮ್ಮೆ ಔಷಧಿ ಕುಡಿಸಲು ಅಲಾರಾಂ ಇಟ್ಟುಕೊಂಡು ಏಳುವ ತಾಯಿಯ ಬಗ್ಗೆ ಯಾರೂ ಹಾಗೆ ಹೇಳುವುದಿಲ್ಲ. ಓದುಗರು ನಂಬದೇ ಇರುವುದು ಅಲಾರಾಮನ್ನಲ್ಲ. ಅಲಾರಾಂ ಹೊಡೆದ ಮಾತ್ರಕ್ಕೆ ಮನಸ್ಸು ಬಿಚ್ಚಿಕೊಂಡಿತು ಎಂದು ನೀವು ಹೇಳುತ್ತೀರಲ್ಲ, ಅದನ್ನು. ನಾಲ್ಕನೆಯ ಪುಟದಲ್ಲಿ ‘ದಿನಗಳು ಕಳೆದಂತೆ ಅವರ ಮಾತು ಆಪ್ತವಾಗತೊಡಗಿತು’ ಎಂದು ಒಂದು ವಾಕ್ಯ ಇದೆ. ನಿಮ್ಮ ಇಡೀ ಕತೆ ನಡೆಯಬೇಕಾದ ಜಾಗ ಆ ವಾಕ್ಯದೊಳಗಿದೆ. ಅದನ್ನು ಹೊಡೆದುಹಾಕಿ, ಆ ವಾಕ್ಯ ಹಾರಿಸಿಬಿಟ್ಟದ್ದನ್ನೆಲ್ಲ ಬರೆಯಿರಿ.

ಹಾಗಾದರೆ ದಿನವೂ ಮಾತಾಡಿದರೆ ಮಾತು ಯಾಕೆ ಬದಲಾಗುತ್ತದೆ? ವಾರಕ್ಕೊಮ್ಮೆ ಮಾತಾಡುವವರ ಹತ್ತಿರ ಏಳು ದಿನದ ಸುದ್ದಿ ಕೂಡಿರುತ್ತದೆ, ಆದ್ದರಿಂದ ಅವರು ಒಟ್ಟು ಲೆಕ್ಕ ಮಾತ್ರ ಹೇಳುತ್ತಾರೆ. ‘ಎಲ್ಲಾ ಚೆನ್ನಾಗಿದೆ’, ‘ಕೆಲಸ ಜಾಸ್ತಿ’, ‘ಆರೋಗ್ಯ ಪರವಾಗಿಲ್ಲ’. ವಾರದ ಮಾತಿನಲ್ಲಿ ಸಣ್ಣದಕ್ಕೆ ಜಾಗ ಇಲ್ಲ. ದಿನವೂ ಮಾತಾಡತೊಡಗಿದರೆ ಮೊದಲ ಎರಡು ವಾರದಲ್ಲೇ ಸುದ್ದಿ ಖಾಲಿಯಾಗುತ್ತದೆ. ‘ಊಟ ಆಯ್ತಾ’, ‘ಆಯ್ತು, ನಿಂದು?’, ‘ಆಯ್ತು’, ‘ಮತ್ತೆ?’, ‘ಏನಿಲ್ಲ’, ‘ಸರಿ ಇಡ್ಲಾ?’ ಇಷ್ಟೇ ಉಳಿಯುತ್ತದೆ. ನಿಮ್ಮ ಹುಡುಗ ರಿಮೈಂಡರ್ ಅಳಿಸಿಹಾಕುವ ಮನಸ್ಸು ಮಾಡುವುದು ಇಲ್ಲೇ. ಕತೆಯಲ್ಲಿ ಈ ಘಟ್ಟ ಬರಲೇಬೇಕು, ನೀವು ಬಿಟ್ಟಿದ್ದೀರಿ. ಮಾತು ಆಪ್ತವಾಗುವುದಕ್ಕೆ ಮೊದಲು ಅದು ಸಾಯುತ್ತದೆ. ಆಮೇಲೂ ಗಂಟೆ ಹೊಡೆಯುತ್ತಲೇ ಇರುವುದರಿಂದ ಏನನ್ನಾದರೂ ಹೇಳಬೇಕಾಗುತ್ತದೆ. ಸುದ್ದಿ ಎನ್ನಿಸಿಕೊಳ್ಳಲಾರದ, ಇಷ್ಟು ಸಣ್ಣದನ್ನು ಫೋನಿನಲ್ಲಿ ಹೇಳುತ್ತಾರಾ ಅನ್ನಿಸುವಂಥದ್ದು ಬಾಯಿಗೆ ಬರುವುದು ಆಗ.

ಮಾಲಿನೋವ್ಸ್ಕಿ ಎಂಬ ಮಾನವಶಾಸ್ತ್ರಜ್ಞ 1923ರಲ್ಲಿ, ವಿಷಯ ತಿಳಿಸಲೆಂದು ಅಲ್ಲದೆ ನಂಟು ಉಳಿಸಿಕೊಳ್ಳಲೆಂದೇ ಆಡುವ ಮಾತಿಗೆ ಒಂದು ಪ್ರತ್ಯೇಕ ಹೆಸರು ಕೊಟ್ಟ. ‘ಊಟ ಆಯ್ತಾ’ ಆ ಜಾತಿಯದು. ಅದಕ್ಕೆ ಉತ್ತರ ಮುಖ್ಯವಲ್ಲ, ಕೇಳಿದ್ದು ಮುಖ್ಯ. ಹಾಗಾಗಿ ಅದನ್ನು ಕತೆಯಿಂದ ತೆಗೆಯಬೇಡಿ. ಅದೇ ಎರಡು ಪದ ಮೊದಲ ಪುಟದಲ್ಲಿ ಬಂದಾಗ ಒಂದು ಅರ್ಥ, ಕೊನೆಯ ಪುಟದಲ್ಲಿ ಬಂದಾಗ, ಅಥವಾ ಬಾರದೇ ಹೋದಾಗ, ಇನ್ನೊಂದು ಅರ್ಥ ಬರುವಂತೆ ಮಾಡಿ.

ವರ್ಷದ ಮಾತನ್ನು ಎರಡು ಸಾವಿರ ಪದದಲ್ಲಿ ತರುವ ಕೆಲಸ ಕನ್ನಡದಲ್ಲಿ ಹೆಚ್ಚಾಗಿ ಕ್ರಿಯಾಪದದ ಕೈಯಲ್ಲಿದೆ. ನಿಮ್ಮ ಮೊದಲ ಎರಡು ಪುಟಗಳಲ್ಲಿ ‘ಕೇಳುತ್ತಿದ್ದ’, ‘ಹೇಳುತ್ತಿದ್ದಳು’, ‘ಇಡುತ್ತಿದ್ದ’ ಎಂಬ ರೂಪ ಇಪ್ಪತ್ತೇಳು ಕಡೆ ಇದೆ, ಎಣಿಸಿದೆ. ‘ಉತ್ತಿದ್ದ’ ಎಂದರೆ ಯಾವತ್ತೋ ಒಂದು ದಿನವಲ್ಲ, ದಿನವೂ. ದಿನವೂ ನಡೆಯುವುದನ್ನು ಓದುಗ ಕಣ್ಣಿನಿಂದ ನೋಡಲಾರ, ತಲೆಯಿಂದ ಒಪ್ಪಿಕೊಳ್ಳುತ್ತಾನೆ ಅಷ್ಟೆ. ಆರೇಳು ವಾಕ್ಯ ಹಾಗೆ ನಡೆಸಿ, ಬೇಸರ ಅವನಿಗೂ ತಾಕಲಿ. ಆಮೇಲೆ ಒಮ್ಮೆಲೇ ಒಂದು ರಾತ್ರಿಗೆ ಇಳಿದು ‘ಕೇಳಿದ’, ‘ಹೇಳಿದಳು’ ಎನ್ನಿ. ‘ದಿನವೂ ಮತ್ತೆ ಅನ್ನುತ್ತಿದ್ದಳು. ಆ ದಿನ ಅನ್ನಲಿಲ್ಲ.’ ಇಷ್ಟಕ್ಕೇ ಓದುಗ ಎದ್ದು ಕೂರುತ್ತಾನೆ. ಇಡೀ ಕತೆಗೆ ಅಂಥ ನಾಲ್ಕು ರಾತ್ರಿ ಸಾಕು, ಉಳಿದ ಮುನ್ನೂರು ಚಿಲ್ಲರೆ ರಾತ್ರಿಗಳು ನಾಲ್ಕರ ನಡುವೆ ತಾವಾಗಿ ಬರುತ್ತವೆ.

ಆ ನಾಲ್ಕನ್ನು ಆರಿಸುವಾಗ ಫೋನ್ ಮಾತಿನ ನಡುಭಾಗಕ್ಕಿಂತ ಎರಡು ತುದಿಗಳನ್ನು ಗಮನಿಸಿ. ಫೋನ್ ಇಡುವುದು ಒಮ್ಮೆಲೇ ಆಗುವ ಕೆಲಸವಲ್ಲ. ಮಾತು ಮುಗಿಯಿತೆಂದು ಒಬ್ಬರು ಸೂಚಿಸಬೇಕು, ಇನ್ನೊಬ್ಬರು ಒಪ್ಪಬೇಕು, ಆಮೇಲೆ ಇಡಬೇಕು. ಶೆಗ್ಲಾಫ್ ಮತ್ತು ಸ್ಯಾಕ್ಸ್ ಎಂಬಿಬ್ಬರು ಸಮಾಜಶಾಸ್ತ್ರಜ್ಞರು 1973ರಲ್ಲಿ ಇದನ್ನು ಬಿಡಿಸಿ ತೋರಿಸಿದರು. ನಮ್ಮಲ್ಲಿ ‘ಸರಿ ಮತ್ತೆ’, ‘ಹ್ಞೂಂ’, ‘ಇಡ್ಲಾ’ ಎನ್ನುವುದು ಆ ಮೆಟ್ಟಿಲುಗಳೇ. ‘ಮತ್ತೆ?’ ಎಂದು ಎಳೆದು ಕೇಳಿದರೆ ಇನ್ನೂ ಹೇಳು ಎಂದು, ‘ಸರಿ ಮತ್ತೆ’ ಎಂದು ಕತ್ತರಿಸಿದರೆ ಮುಗಿಸು ಎಂದು. ಒಂದೇ ಪದ ಬಾಗಿಲು ತೆರೆಯುತ್ತದೆ, ಮುಚ್ಚುತ್ತದೆ. ನಿಮ್ಮ ಕತೆಯಲ್ಲಿ ಮೊದಲು ಯಾವಾಗಲೂ ಅಮ್ಮ ‘ಮತ್ತೆ?’ ಅನ್ನಲಿ, ಮಗ ‘ಸರಿ ಮತ್ತೆ’ ಅನ್ನಲಿ. ಒಂದು ದಿನ ಇಬ್ಬರ ಮಾತೂ ಅದಲುಬದಲಾಗಲಿ, ಅವಳಿಗೆ ಹೊರಗೆ ಹೋಗಬೇಕಾದ ಅವಸರ, ಇವನೇ ‘ಮತ್ತೆ?’ ಅನ್ನುತ್ತಾನೆ. ಬದಲಾಯಿತೆಂದು ನೀವು ಹೇಳಬೇಕಾಗಿಲ್ಲ.

ಇನ್ನು ಆ ಸಣ್ಣದು ಯಾವುದು? ನಿಮ್ಮ ಹುಡುಗ ಎಂಜಿನಿಯರ್ ಎಂದು ಮೊದಲ ಸಾಲಿನಲ್ಲೇ ಹೇಳಿ ಆಮೇಲೆ ಮರೆತಿದ್ದೀರಿ. ಅವನು ಏನು ಕೆಲಸ ಮಾಡುತ್ತಾನೆ? ಎಂಜಿನಿಯರ್ ಎಂಬುದು ‘ವಿದೇಶದಲ್ಲಿ ಸಂಬಳ ಬರುವವನು’ ಎಂಬುದರ ಇನ್ನೊಂದು ಹೆಸರಾಗಿಬಿಟ್ಟರೆ ಕತೆಗೆ ನಷ್ಟ. ತಿರುಗುವ ಯಂತ್ರಗಳ ಶಬ್ದ ಕೇಳಿ ಎಲ್ಲಿ ಕೆಟ್ಟಿದೆ ಎಂದು ಹೇಳುವ ಕೆಲಸ ಅವನದು ಎಂದು ಇಟ್ಟುಕೊಳ್ಳೋಣ. ಅಮ್ಮನ ಮನೆಯ ಸೀಲಿಂಗ್ ಫ್ಯಾನ್ ಶಬ್ದ ಮಾಡುತ್ತಿದೆ ಎಂದೂ ಇಟ್ಟುಕೊಳ್ಳೋಣ. ಸುದ್ದಿ ಖಾಲಿಯಾದ ಒಂದು ರಾತ್ರಿ, ಬೇರೇನೂ ತೋಚದೆ, ಅವಳು ಅದನ್ನು ಹೇಳುತ್ತಾಳೆ. ನಾನಾದರೆ ಹೀಗೆ ಬರೆಯುತ್ತಿದ್ದೆ. ಇದನ್ನೇ ಇಡಬೇಕೆಂದಲ್ಲ, ಉದ್ದ ಎಷ್ಟಿರಬೇಕೆಂದು ಗೊತ್ತಾಗಲಿ ಅಂತ:

> ‘ಮತ್ತೆ?’
>
> ‘ಏನಿಲ್ಲ. ಫ್ಯಾನೊಂದು ಟಕ್ ಟಕ್ ಅಂತಿದೆ.’
>
> ‘ಬಿಡದೇ ಅನ್ನತ್ತಾ, ಸುತ್ತಿಗೊಂದು ಸಲನಾ?’
>
> ‘ಅದೆಲ್ಲ ನಂಗೇನು ಗೊತ್ತು.’
>
> ‘ರೆಗ್ಯುಲೇಟರ್ ಐದರಿಂದ ಒಂದಕ್ಕೆ ತಾ. ಫೋನ್ ಮೇಲಕ್ಕೆ ಹಿಡಿ.’
>
> ಅವನು ಕಣ್ಣು ಮುಚ್ಚಿ ಕೇಳಿಸಿಕೊಂಡ. ಟಕ್. ಟಕ್. ಫ್ಯಾನ್ ನಿಧಾನವಾದಂತೆ ಶಬ್ದವೂ ನಿಧಾನವಾಯಿತು.
>
> ‘ರೆಕ್ಕೆಯ ಸ್ಕ್ರೂ ಸಡಿಲ ಆಗಿರಬೇಕು. ಯಾರನ್ನಾದರೂ ಕರೆದು ಬಿಗಿ ಮಾಡಿಸು. ಅದರ ಕೆಳಗೆ ಮಲಗಬೇಡ.’
>
> ‘ನಾನೆಲ್ಲಿ ಅಲ್ಲಿ ಮಲಗ್ತೀನಿ.’
>
> ‘ಮತ್ತೆಲ್ಲಿ ಮಲಗ್ತೀಯ?’
>
> ‘ಮುಂದಿನ ಕೋಣೇಲಿ. ಆರು ತಿಂಗಳಾಯ್ತಲ್ಲ.’
>
> ‘ಹೇಳಲೇ ಇಲ್ಲ.’
>
> ‘ಹುಷಾರಾಗಿದೀಯಾ ಅಂತ ಕೇಳ್ತಿದ್ದೆ. ಹುಷಾರಾಗೇ ಇದ್ದೆ.’

ಇಲ್ಲಿ ಫ್ಯಾನಿನ ತಂತ್ರ ಸರಿಯಾಗಿರಬೇಕು. ಸುತ್ತಿಗೊಂದು ಸಲ ಬರುವ ಶಬ್ದ, ಫ್ಯಾನ್ ನಿಧಾನವಾದಂತೆ ತಾನೂ ನಿಧಾನವಾದರೆ, ತಿರುಗುವ ಭಾಗದಲ್ಲೇ ಏನೋ ಸಡಿಲವಾಗಿದೆ. ಬಿಡದೇ ಉಜ್ಜಿದಂತೆ ಬಂದರೆ ಬೇರಿಂಗ್ ಇರಬಹುದು. ಓದುಗರಲ್ಲಿ ಅರ್ಧ ಜನಕ್ಕೆ ಇದು ಗೊತ್ತಿರುತ್ತದೆ, ತಪ್ಪಿದರೆ ಹುಡುಗನ ಮೇಲೆ ನಂಬಿಕೆ ಹೋಗುತ್ತದೆ. ಆದರೆ ಆ ದೃಶ್ಯದ ಹುರುಳು ಸ್ಕ್ರೂನಲ್ಲಿಲ್ಲ. ಮನೆಯಲ್ಲಿ ಆರು ತಿಂಗಳಿಂದ ಬದಲಾಗಿದ್ದ ಒಂದು ಸಂಗತಿ, ವಾರದ ‘ಹುಷಾರಾಗಿದೀಯಾ’ ಎಂಬ ಪ್ರಶ್ನೆಗೆ ಸಿಗದೇ ಇದ್ದದ್ದು, ಫ್ಯಾನಿನ ಬೆನ್ನಿಗೆ ಹೊರಬಂತು. ಅವಳು ಮುಚ್ಚಿಟ್ಟಿರಲಿಲ್ಲ, ಇವನು ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದಳು. ಅವನ ಮನಸ್ಸಿನಲ್ಲಿ ಏನಾಯಿತು ಎಂದು ಇದರ ಕೆಳಗೆ ಒಂದು ಸಾಲೂ ಬರೆಯಬೇಡಿ. ನಿಮ್ಮ ಕೈ ಅಲ್ಲಿ ತುರಿಸುತ್ತದೆ, ನನಗೆ ಗೊತ್ತು, ಪ್ರತಿ ಸಂಭಾಷಣೆಯ ಕೆಳಗೂ ನೀವು ಅಂಥದ್ದೊಂದು ಸಾಲು ಹಾಕಿದ್ದೀರಿ.

ಇದಕ್ಕೆ ಹೊಂದಿಕೊಂಡೇ ಇನ್ನೊಂದು ಮಾತು. ಎರಡು ಕಡೆ ನೀವು ಅಮ್ಮನ ಮನೆಯೊಳಗೆ ಹೋಗಿದ್ದೀರಿ, ಅವಳು ಸೆರಗಿನಿಂದ ಕಣ್ಣೊರೆಸಿಕೊಳ್ಳುವುದನ್ನು ತೋರಿಸಿದ್ದೀರಿ. ಬೇಡ. ಕತೆ ಮಗನ ಕೋಣೆಯಲ್ಲೇ ಇರಲಿ, ಅಮ್ಮನ ಕಡೆಯಿಂದ ಫೋನಿನಲ್ಲಿ ಕೇಳಿಸಿದ್ದು ಮಾತ್ರ ಬರಲಿ. ಕುರ್ಚಿ ಎಳೆದ ಸದ್ದು, ನಲ್ಲಿ ನಿಂತ ಸದ್ದು, ಅವಳು ಸುಮ್ಮನಾದದ್ದು. ವೀಡಿಯೊ ಕರೆಯೂ ಬೇಡ, ಮುಖ ಕಂಡರೆ ಸುಮ್ಮನಿರುವುದರ ಅರ್ಥವನ್ನು ಮುಖವೇ ಹೇಳಿಬಿಡುತ್ತದೆ. ಅಮ್ಮನ ಕಡೆಯಿಂದ ಇಡೀ ಕತೆ ಹೇಳುವುದೂ ಒಂದು ದಾರಿಯೇ. ಆದರೆ ಆಗ ಕಾಯುವುದು ಮೊದಲ ಸಾಲಿನಿಂದಲೇ ಗೊತ್ತಾಗಿ ಅವಳು ಮರುಕಕ್ಕೆ ಪಾತ್ರಳಾಗುತ್ತಾಳೆ. ನಿಮ್ಮ ಅಮ್ಮ ಹಾಗಿಲ್ಲ. ಐದನೆಯ ಪುಟದಲ್ಲಿ ಮಗನಿಗೆ ಅವಳು ಗದರುವ ಜಾಗ ಹಸ್ತಪ್ರತಿಯಲ್ಲೇ ಅತ್ಯಂತ ಜೀವಂತ.

ಈಗ ರಿಮೈಂಡರಿನ ಪ್ರಶ್ನೆ. ಅದು ಇದೆಯೆಂದು ಅಮ್ಮನಿಗೆ ಗೊತ್ತೇ? ನಿಮ್ಮ ಕತೆ ಇದನ್ನು ಕೇಳಿಕೊಂಡೇ ಇಲ್ಲ. ಮೊದಲೇ ಗೊತ್ತಿದ್ದರೆ ಅದು ಇಬ್ಬರ ನಡುವಿನ ಸಲಿಗೆಯ ಮಾತಾಗುತ್ತದೆ, ಹಗುರ ಕತೆ. ಕೊನೆಯವರೆಗೂ ಗೊತ್ತಾಗದಿದ್ದರೆ ಅದು ಮಗನ ಗುಟ್ಟು, ಓದುಗ ಅದು ಬಯಲಾಗಲಿ ಎಂದು ಕಾಯುತ್ತಾನೆ, ಆಗದಿದ್ದರೆ ಮೋಸಹೋದೆ ಅನ್ನಿಸುತ್ತದೆ. ನಡುವೆ ಗೊತ್ತಾಗುವುದು ಸರಿ. ಆದರೆ ‘ಗಂಟೆ ಹೊಡೆದರೆ ಮಾತ್ರ ನಾನು ನೆನಪಾಗ್ತೀನಾ’ ಎಂದು ಅವಳು ನೊಂದುಕೊಳ್ಳುವ ದೃಶ್ಯ ಎಲ್ಲರಿಗೂ ಹೊಳೆಯುವಂಥದ್ದು, ನಿಮಗೂ ಹೊಳೆದಿದೆ, ಎರಡನೆಯ ಕರಡಿನಲ್ಲಿ ಬರೆದು ಹೊಡೆದುಹಾಕಿದ್ದು ಕಾಣುತ್ತದೆ. ಹೊಡೆದದ್ದು ಒಳ್ಳೆಯದಾಯಿತು. ಬದಲಿಗೆ, ಅವನು ಒಂದು ದಿನ ತಾನಾಗಿಯೇ, 9 ಆಗುವ ಮುಂಚೆ, ಫೋನ್ ಮಾಡಿರಲಿ. ಫ್ಯಾನ್ ಏನಾಯಿತು ಎಂದು ಕೇಳಲು 8:40ಕ್ಕೇ ಮಾಡಿದ್ದಾನೆ. ಮಾತಿನ ನಡುವೆ ಪಕ್ಕದ ಲ್ಯಾಪ್‌ಟಾಪಿನ ಕ್ಯಾಲೆಂಡರ್ ಸದ್ದು ಮಾಡುತ್ತದೆ, ಪರದೆಯ ಮೂಲೆಯಲ್ಲಿ `Call Amma` ಎಂದು ಕಾಣಿಸಿಕೊಳ್ಳುತ್ತದೆ.

> ‘ಏನೋ ಅದು ಶಬ್ದ?’
>
> ‘ಏನಿಲ್ಲ ಬಿಡಮ್ಮ. ರಿಮೈಂಡರ್.’
>
> ‘ಯಾವುದಕ್ಕೆ?’
>
> ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ.
>
> ‘ನಿಂಗೆ ಫೋನ್ ಮಾಡೋಕೆ.’
>
> ‘ಮಾಡಿದೀಯಲ್ಲ.’

ರಿಮೈಂಡರಿಗೂ ಪ್ರೀತಿಗೂ ಇರುವ ಸಂಬಂಧದ ಬಗ್ಗೆ ನಿಮ್ಮ ಅಕ್ಕ ಎತ್ತಿದ ಪ್ರಶ್ನೆಗೆ ಕತೆಯೊಳಗಿನ ಉತ್ತರ ಈ ಒಂದು ಪದದಲ್ಲಿ ಬರಬಹುದು. ಅವಳು ನೊಂದಳೋ, ನಕ್ಕಳೋ ಬರೆಯಬೇಡಿ. ಆ ಪದವನ್ನು ಓದುಗ ತನ್ನ ಅಮ್ಮನ ದನಿಯಲ್ಲಿ ಕೇಳಿಸಿಕೊಳ್ಳುತ್ತಾನೆ.

ಅಮೆರಿಕ ಯಾಕೆ ಬೇಕು ಎಂದೆನಲ್ಲ, ಅದಕ್ಕೆ ಕಾರಣ ನವೆಂಬರ್. ಅಲ್ಲಿ 2007ರಿಂದ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ನವೆಂಬರಿನ ಮೊದಲ ಭಾನುವಾರ ಹಿಂದಿಡುತ್ತಾರೆ. ಭಾರತದಲ್ಲಿ ಗಡಿಯಾರ ಮುಟ್ಟುವುದಿಲ್ಲ. ಅವನ ಫೋನು, ಲ್ಯಾಪ್‌ಟಾಪು ತಾವಾಗಿಯೇ ಹೊಸ ಸಮಯಕ್ಕೆ ಹೊಂದಿಕೊಳ್ಳುತ್ತವೆ. ರಿಮೈಂಡರ್ ಎಂದಿನಂತೆ 9ಕ್ಕೇ ಹೊಡೆಯುತ್ತದೆ. ಅವನ ಪಾಲಿಗೆ ಏನೂ ಬದಲಾಗಿಲ್ಲ, ಒಂದು ನಿಮಿಷವೂ ತಡವಾಗಿಲ್ಲ. ಆ ಕಡೆ ಮಾತ್ರ 9:30ಕ್ಕೆ ಬರುತ್ತಿದ್ದ ಫೋನ್ ಆ ಸೋಮವಾರ 10:30ಕ್ಕೆ ಬರುತ್ತದೆ. ಒಂದು ಗಂಟೆ ಅವಳ ಬೆಳಗಿನಲ್ಲಿ ಬಂದು ಕೂತಿದೆ. ಯಾಕೆಂದು ಅವಳಿಗೆ ಗೊತ್ತಿಲ್ಲ, ಕೂತಿದೆಯೆಂದೇ ಅವನಿಗೆ ಗೊತ್ತಿಲ್ಲ.

ವರ್ಷಕ್ಕೊಮ್ಮೆ ಆ ನೆಲದ ನಿಯಮವೇ ನಿಮಗೆ ಕತೆಯ ತಿರುವನ್ನು ಕೈಗೆ ಕೊಡುತ್ತಿದೆ. ಯಾರೂ ತಪ್ಪು ಮಾಡಿಲ್ಲ, ಯಾರಿಗೂ ಕಾಯಿಲೆ ಬಂದಿಲ್ಲ, ಆದರೂ ಅವಳು ಕಾಯುತ್ತಿದ್ದಳು ಎಂಬುದು ಬಯಲಾಗುತ್ತದೆ. ಅದು ಹೇಗೆ ಬಯಲಾಗಬೇಕು ಎನ್ನುವುದರಲ್ಲಿ ಮಾತ್ರ ಎಚ್ಚರ ಬೇಕು. ‘ಒಂದು ಗಂಟೆಯಿಂದ ಕಾಯ್ತಾ ಇದೀನಿ’ ಎಂದು ಅವಳೇ ಹೇಳಿದರೆ ದೂರು ಹೇಳಿದಂತಾಗುತ್ತದೆ. ಮೊದಲ ದಿನ ಅವಳು ‘ಇವತ್ತು ಕೆಲಸ ಜಾಸ್ತಿನಾ?’ ಎಂದಷ್ಟೇ ಕೇಳಲಿ. ‘ಇಲ್ವಲ್ಲ, ಯಾಕೆ?’ ‘ಏನಿಲ್ಲ, ಕೇಳ್ದೆ.’ ಎರಡನೆಯ ದಿನ ‘ಹುಷಾರಾಗಿದೀಯ ತಾನೆ?’ ಎನ್ನಲಿ. ಮೊದಲ ಪುಟದಲ್ಲಿ ಇವನು ಯಾಂತ್ರಿಕವಾಗಿ ಕೇಳುತ್ತಿದ್ದ ಪ್ರಶ್ನೆಯೇ ಈಗ ಅವಳ ಬಾಯಲ್ಲಿ, ನಿಜವಾದ ಭಯದಿಂದ ಬರುತ್ತದೆ. ಮೂರನೆಯ ದಿನ, ಬೇರೆ ಏನೋ ಮಾತಿನ ನಡುವೆ, ಹತ್ತು ಗಂಟೆಯ ಬಸ್ಸಿಗೆ ಹೊರಡಬೇಕಿದ್ದವಳು ಮೂರು ದಿನದಿಂದ ಹೊರಟಿಲ್ಲ ಎಂಬುದು ಜಾರಿ ಬೀಳಲಿ. ‘ಬಸ್ಸಲ್ಲಿ ಗಲಾಟೆ, ನೀನು ಹೇಳಿದ್ದು ಕೇಳ್ಸಲ್ಲ.’ ಅವನು ಲ್ಯಾಪ್‌ಟಾಪಿನ ಮೂಲೆಯಲ್ಲಿ ಸಮಯ ನೋಡುತ್ತಾನೆ, ಬೆರಳಲ್ಲಿ ಎಣಿಸುತ್ತಾನೆ.

ಎಣಿಸಿದ ಮೇಲೆ ಏನು ಮಾಡುತ್ತಾನೆ? ನಿಮ್ಮ ಹುಡುಗ ಅತ್ತು ಕ್ಷಮೆ ಕೇಳುವ ಪೈಕಿ ಅಲ್ಲ. ಅವನು ಸರಿಪಡಿಸುವವನು. ಕ್ಯಾಲೆಂಡರಿನಲ್ಲಿ ಒಂದು ಕಾರ್ಯಕ್ಕೆ ಸಮಯ ಕೊಡುವಾಗ ಅದು ಯಾವ ದೇಶದ ಸಮಯ ಎಂದೂ ಕೊಡಬಹುದು. ಕೊಡದೇ ಬಿಟ್ಟರೆ ನಾವಿರುವ ಜಾಗದ ಸಮಯ. ಅವನು ಅಲ್ಲಿ ಹೋಗಿ `Asia/Kolkata` ಎಂದು ಬದಲಿಸುತ್ತಾನೆ, ಬೆಳಗ್ಗೆ 9:30 ಎಂದು ಬರೆಯುತ್ತಾನೆ. ಅಲ್ಲಿಂದ ಮುಂದೆ ಅವನ ರಿಮೈಂಡರ್ ಚಳಿಗಾಲದಲ್ಲಿ 8ಕ್ಕೂ ಬೇಸಿಗೆಯಲ್ಲಿ 9ಕ್ಕೂ ಹೊಡೆಯುತ್ತದೆ. ಅವನು ಆಫೀಸಿನಲ್ಲಿರಲಿ, ದಾರಿಯಲ್ಲಿರಲಿ, ಗೆಳೆಯರ ನಡುವೆ ಇರಲಿ, ಬದಲಾಗುವುದು ಅವನ ಸಂಜೆ. ಅವಳ ಬೆಳಗು ಅಲುಗುವುದಿಲ್ಲ. ಈ ಕೆಲಸಕ್ಕೆ ಕತೆಯಲ್ಲಿ ಮೂರು ವಾಕ್ಯ ಕೊಡಿ, ಅವನು ಏನು ಒತ್ತಿದ, ಏನು ಬರೆದ ಎಂದು ಮಾತ್ರ. ಅಮ್ಮನಿಗೆ ಅವನು ಇದನ್ನು ಹೇಳಬಾರದು. ಹೇಳಿದರೆ ಅದು ಉಪಕಾರವಾಗುತ್ತದೆ.

ಇಲ್ಲಿ ಒಂದು ಅಪಾಯವಿದೆ, ಹೇಳದೇ ಇರಲಾರೆ. ಗಡಿಯಾರದ ಲೆಕ್ಕ ಓದುಗನಿಗೆ ಗೊಂದಲ ಮಾಡಬಹುದು. ಹಿಂದಿಟ್ಟರೆ ತಡ ಹೇಗಾಯಿತು ಎಂದು ಅವನು ಕಾಗದ ತೆಗೆದು ಕೂತರೆ ಭಾವ ಹಾರಿಹೋಗುತ್ತದೆ. ಆದ್ದರಿಂದ ಮೊದಲ ಪುಟದಲ್ಲೇ ಅವನ 9 ಅವಳ 9:30 ಎಂದು ಒಂದು ಕಡೆ ಸಹಜವಾಗಿ ನೆಡಿ. ಅವಳು ‘ಒಂಬತ್ತೂವರೆ ಆಯ್ತು, ನಿನ್ನ ಫೋನೇ ಇರಬೇಕು ಅಂದ್ಕೊಂಡೆ’ ಎನ್ನಲಿ. ನವೆಂಬರಿನಲ್ಲಿ ಹತ್ತೂವರೆ ಎಂಬ ಒಂದೇ ಪದ ಸಾಕಾಗುತ್ತದೆ. ಹಿಂದೆ, ಮುಂದೆ ಎಂಬ ಪದಗಳನ್ನು ಕತೆಯಲ್ಲಿ ಬಳಸಲೇಬೇಡಿ. ಕತೆಯನ್ನು ಮಾರ್ಚ್ ಕಳೆದ ಮೇಲೆ ಶುರು ಮಾಡಿ, ಇಲ್ಲದಿದ್ದರೆ ನಡುವೆ ಇನ್ನೊಂದು ಸಲ ಗಡಿಯಾರ ಬದಲಾಗಿ ಲೆಕ್ಕ ಕೆಡುತ್ತದೆ.

ಉಳಿದದ್ದು ನಿಮ್ಮ ಕೊನೆ. ಅಮ್ಮ ತೀರಿಹೋದ ಮೇಲೆ ಹೊಡೆಯುವ ರಿಮೈಂಡರ್ ನಿಮ್ಮನ್ನು ಈ ಕತೆ ಬರೆಯಲು ಕೂರಿಸಿದ ಚಿತ್ರ ಎಂದು ಊಹಿಸಬಲ್ಲೆ, ಅದನ್ನು ಬಿಡುವುದು ಕಷ್ಟ. ಆದರೆ ಸಂಪಾದಕರು ಈ ಕತೆ ಮರಳಿಸಲು ಅದೇ ದೊಡ್ಡ ಕಾರಣ ಎಂದು ನನ್ನ ಅಂದಾಜು. ರಿಮೈಂಡರ್ ಎಂದ ಕೂಡಲೇ ಓದುಗನಿಗೆ ಆ ಕೊನೆ ಹೊಳೆದುಬಿಡುತ್ತದೆ, ಆಮೇಲೆ ಅವನು ಬರೀ ಅದು ಬರುವುದನ್ನು ನೋಡುತ್ತಾ ಕೂರುತ್ತಾನೆ. ಅದಕ್ಕಿಂತ ಮುಖ್ಯ, ನೀವು ಎತ್ತಿಕೊಂಡ ಪ್ರಶ್ನೆ ಇವರಿಬ್ಬರ ಮಾತು ಏನಾಯಿತು ಎಂಬುದು. ಸಾವು ಅದಕ್ಕೆ ಉತ್ತರ ಕೊಡುವುದಿಲ್ಲ, ಮಾತನ್ನೇ ನಿಲ್ಲಿಸುತ್ತದೆ. ಸಾವು ಬೇಕೇ ಬೇಕು ಎಂದಾದರೆ ಅದನ್ನು ಮೊದಲ ಸಾಲಿಗೆ ತನ್ನಿ, ಅಳಿಸದೇ ಉಳಿದ ರಿಮೈಂಡರಿನಿಂದ ಹಿಂದಕ್ಕೆ ಹೋಗಿ. ಆಗ ಓದುಗ ಅದಕ್ಕಾಗಿ ಕಾಯುವುದು ತಪ್ಪುತ್ತದೆ. ಆದರೆ ಪ್ರತಿ ಸಣ್ಣ ಮಾತಿನ ಮೇಲೂ ಸಾವಿನ ನೆರಳು ಬಿದ್ದು, ಫ್ಯಾನಿನ ಸದ್ದೂ ಅಪಶಕುನದಂತೆ ಕೇಳಿಸುತ್ತದೆ. ನಾನಾದರೆ ಆ ಬೆಲೆ ಕೊಡುವುದಿಲ್ಲ.

ನಾನು ಫ್ಯಾನಿಗೇ ಮರಳುತ್ತೇನೆ. ಅಮ್ಮ ಕಡೆಗೂ ಯಾರನ್ನೋ ಕರೆದು ಸ್ಕ್ರೂ ಬಿಗಿ ಮಾಡಿಸಿದ್ದಾಳೆ. ಅವತ್ತು ಅವನ ಸಮಯ 8ಕ್ಕೆ ಗಂಟೆ ಹೊಡೆಯುತ್ತದೆ, ಅವನು ದಾರಿಯಲ್ಲಿದ್ದಾನೆ, ನಿಂತು ಫೋನ್ ಮಾಡುತ್ತಾನೆ. ಅವಳು ಹಲೋ ಅನ್ನುವುದಿಲ್ಲ, ಊಟ ಆಯ್ತಾ ಎಂದು ಕೇಳುವುದಿಲ್ಲ. ನಿನ್ನೆಯ ಮಾತು ನಿಂತ ಕಡೆಯಿಂದಲೇ ಶುರು ಮಾಡುತ್ತಾಳೆ, ಒಂದೇ ಮನೆಯಲ್ಲಿದ್ದವರು ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಿ ಬಂದು ಮಾತು ಮುಂದುವರಿಸುವ ಹಾಗೆ.

> ‘ಶಬ್ದ ನಿಂತೋಯ್ತು ಕಣೋ. ಹಳೇ ಕೋಣೇಲೇ ಮಲಗಿದ್ದೆ.’
>
> ‘ನಿದ್ದೆ ಬಂತಾ?’
>
> ‘ಎಲ್ಲಿ. ಟಕ್ ಅನ್ನತ್ತೆ, ಟಕ್ ಅನ್ನತ್ತೆ ಅಂತ ಕೇಳ್ತಾ ಮಲಗಿದ್ದೆ.’

ಮೊದಲ ಪುಟದಲ್ಲಿ ಹಲೋ, ಊಟ, ಆರೋಗ್ಯ, ಹವಾಮಾನ ಎಲ್ಲ ಕ್ರಮವಾಗಿ ಬಂದಿದ್ದರೆ, ಇಲ್ಲಿ ಅವು ಇಲ್ಲದಿರುವುದು ಓದುಗನ ಕಿವಿಗೆ ತಾಕುತ್ತದೆ. ಆದ್ದರಿಂದ ಆ ಪುಟವನ್ನು ಈಗ ಇರುವುದಕ್ಕಿಂತ ಇನ್ನೂ ಸ್ವಲ್ಪ ನೀರಸ ಮಾಡಿ, ಹಲೋವನ್ನು ಎರಡೆರಡು ಸಲ ಹೇಳಿಸಿ. ‘ಅಮ್ಮನ ಕರೆ’ ಎಂಬ ಶೀರ್ಷಿಕೆಯನ್ನೂ ಬದಲಿಸಿ, ಈ ಕತೆಯಲ್ಲಿ ಅಮ್ಮ ಒಂದು ಸಲವೂ ಕರೆ ಮಾಡುವುದಿಲ್ಲ. ಹೊಸ ಕರಡು ಬರೆದ ಮೇಲೆ ಬರೀ ಸಂಭಾಷಣೆಯನ್ನು ಬೇರೆ ಹಾಳೆಗೆ ಇಳಿಸಿ, ಯಾರು ಹೇಳಿದರೆಂಬುದನ್ನು ತೆಗೆದು, ನಿಮ್ಮ ಅಕ್ಕನ ಜತೆ ಗಟ್ಟಿಯಾಗಿ ಓದಿ. ಅಮ್ಮನ ಸಾಲುಗಳನ್ನು ಅವರೇ ಓದಲಿ. ಓದುವಾಗ ಅವರು ಎಲ್ಲಿ ತಡವರಿಸಿ ಪದ ಬದಲಿಸಿಕೊಳ್ಳುತ್ತಾರೋ ಅಲ್ಲಿ ಅವರ ಪದವನ್ನೇ ಬರೆದುಕೊಳ್ಳಿ.